‘ಈಸ್’ ಎಲ್ಲಿ ಕೂರಬೇಕು?

‘ಕುಡ್ ಯು ಟೆಲ್ ಮಿ ವಾಟ್ ಈಸ್ ದ ಸ್ಟೇಟಸ್?’ ಕಚೇರಿಯ ಇಮೇಲ್‌ಗಳಲ್ಲಿ ಈ ಸಾಲು ಕಾಣದ ದಿನವಿಲ್ಲ. ಓದಿದವರಿಗೆ ಅರ್ಥವೂ ಆಗುತ್ತದೆ. ಆದರೆ ಪ್ರಮಾಣ ಇಂಗ್ಲಿಷ್‌ನಲ್ಲಿ ‘ಈಸ್’ ಬರಬೇಕಾದದ್ದು ಕೊನೆಗೆ: ‘ವಾಟ್ ದ ಸ್ಟೇಟಸ್ ಈಸ್’.

ಕನ್ನಡದಲ್ಲಿ ಈ ತೊಂದರೆಯೇ ಇಲ್ಲ. ‘ಸ್ಟೇಟಸ್ ಏನು’ ಎಂಬುದಕ್ಕೆ ‘ಅಂತ ಹೇಳ್ತೀರಾ’ ಸೇರಿಸಿದರೆ ಮುಗಿಯಿತು, ಒಳಗಿನ ಒಂದು ಪದವೂ ಕದಲುವುದಿಲ್ಲ. ಇಂಗ್ಲಿಷ್‌ನಲ್ಲಿ ನೇರವಾಗಿ ಕೇಳುವಾಗ ಕ್ರಿಯಾಪದ ಕರ್ತೃವನ್ನು ದಾಟಿ ಮುಂದೆ ಬರುತ್ತದೆ. ಅದೇ ಪ್ರಶ್ನೆಯನ್ನು ‘ಕುಡ್ ಯು ಟೆಲ್ ಮಿ’ ಒಳಗೆ ಇಟ್ಟಾಗ ಕೇಳುವ ಕೆಲಸ ಆಗಲೇ ಆಗಿಹೋಗಿರುತ್ತದೆ. ಒಳಗಿನ ಭಾಗ ಹೇಳಿಕೆಯ ಕ್ರಮಕ್ಕೆ ಮರಳುತ್ತದೆ. (ಐರ್ಲೆಂಡಿನ ಆಡುಮಾತಿನಲ್ಲೂ ನಮ್ಮಂತೆಯೇ ಪ್ರಶ್ನೆಯ ಕ್ರಮ ಉಳಿದುಕೊಳ್ಳುವುದುಂಟು. ಆದ್ದರಿಂದ ಇದು ದಡ್ಡತನವೇನಲ್ಲ, ಅರ್ಜಿ ಪತ್ರಕ್ಕೆ ಒಗ್ಗದು ಅಷ್ಟೇ.)

ತಿದ್ದಲು ನನಗೆ ಹಿಡಿಸಿದ ದಾರಿ ಎಂದರೆ ಉತ್ತರವನ್ನು ಮೊದಲು ಬರೆದುಕೊಳ್ಳುವುದು. ‘ದ ಸ್ಟೇಟಸ್ ಈಸ್ ಪೆಂಡಿಂಗ್.’ ನಮಗೆ ಗೊತ್ತಿಲ್ಲದ ‘ಪೆಂಡಿಂಗ್’ ಅನ್ನು ತೆಗೆದು, ಅದರ ಬದಲಿಗೆ ‘ವಾಟ್’ ಅನ್ನು ಮುಂದಿಡಿ, ಉಳಿದದ್ದನ್ನು ಮುಟ್ಟಬೇಡಿ. ‘ವಾಟ್ ದ ಸ್ಟೇಟಸ್ ಈಸ್’ ತಾನಾಗಿ ಸಿಗುತ್ತದೆ.

‘ವೆನ್ ಡಸ್ ದ ಬಸ್ ಲೀವ್’ ಎಂಬಲ್ಲೂ ಇದೇ ಉಪಾಯ. ‘ದ ಬಸ್ ಲೀವ್ಸ್ ಅಟ್ ಫೈವ್’ ಎಂಬ ಉತ್ತರದಲ್ಲಿ ‘ಡಸ್’ ಇಲ್ಲವೇ ಇಲ್ಲ. ಹಾಗಾಗಿ ‘ಡು ಯು ನೋ ವೆನ್ ದ ಬಸ್ ಲೀವ್ಸ್’. ‘ಡಸ್’ ಹೋಗುವಾಗ ತನ್ನ ‘ಸ್’ ಅನ್ನು ‘ಲೀವ್’ಗೆ ಬಿಟ್ಟುಹೋಗುತ್ತದೆ. ಇದನ್ನು ಮರೆತು ‘ವೆನ್ ದ ಬಸ್ ಲೀವ್’ ಎಂದು ಬರೆಯುವವರು ಬಹಳ.

ನಿಯಮ ಕಲಿತ ಹುರುಪಿನಲ್ಲಿ ಸರಿಯಾದದ್ದನ್ನೂ ಕೆಡಿಸುವುದುಂಟು. ‘ಟೆಲ್ ಮಿ ಹೂ ಸೈನ್ಡ್ ದ ಫಾರ್ಮ್’, ‘ಟೆಲ್ ಮಿ ವಾಟ್ ಈಸ್ ರಾಂಗ್’ ಇವೆರಡೂ ಇದ್ದಂತೆಯೇ ಸರಿ. ಇಲ್ಲಿ ‘ಹೂ’, ‘ವಾಟ್’ ಪದಗಳೇ ಕರ್ತೃ; ‘ರವಿ ಸೈನ್ಡ್ ದ ಫಾರ್ಮ್’ ಎಂಬ ಉತ್ತರದಲ್ಲಿ ‘ರವಿ’ಯ ಜಾಗಕ್ಕೆ ‘ಹೂ’ ಬಂದಿದೆ ಅಷ್ಟೇ. ‘ವಾಟ್ ರಾಂಗ್ ಈಸ್’ ಎಂದು ತಿರುಗಿಸಿದರೆ ಅದು ಇಂಗ್ಲಿಷೇ ಅಲ್ಲ. ಇನ್ನು ಹೌದು–ಅಲ್ಲ ಎಂದು ಉತ್ತರಿಸುವ ಪ್ರಶ್ನೆಗಳಲ್ಲಿ ಮುಂದಿಡಲು ಪ್ರಶ್ನಾಪದವಿರದ ಕಾರಣ ‘ಇಫ್’ ಅಥವಾ ‘ವೆದರ್’ ಬೇಕಾಗುತ್ತದೆ: ‘ಕುಡ್ ಯು ಟೆಲ್ ಮಿ ಇಫ್ ದ ಮ್ಯಾನೇಜರ್ ಈಸ್ ಇನ್’.

ಕರ್ತೃ ಉದ್ದವಾದಾಗ ನಿಜವಾದ ಪೇಚು. ‘ವಾಟ್ ದ ಸ್ಟೇಟಸ್ ಆಫ್ ದ ಲೋನ್ ಅಪ್ಲಿಕೇಶನ್ ಐ ಸಬ್‌ಮಿಟೆಡ್ ಇನ್ ಜೂನ್ ಈಸ್’ ಎಂಬುದು ವ್ಯಾಕರಣಕ್ಕೆ ಸರಿ, ಓದಲು ಹಿಂಸೆ. ‘ಈಸ್’ ಬಾಲದ ತುದಿಯಲ್ಲಿ ನೇತಾಡುತ್ತದೆ. ಆಗ ‘ವಾಟ್’, ‘ಈಸ್’ ಎರಡನ್ನೂ ಕಿತ್ತುಹಾಕಿ ‘ಕುಡ್ ಯು ಟೆಲ್ ಮಿ ದ ಸ್ಟೇಟಸ್ ಆಫ್ ಮೈ ಲೋನ್ ಅಪ್ಲಿಕೇಶನ್’ ಎಂದು ಬರೆದು, ಜೂನ್ ವಿಷಯವನ್ನು ಮುಂದಿನ ವಾಕ್ಯಕ್ಕೆ ಬಿಡುವುದು ಮೇಲು.