ಕೆಸರು ಸಿಕ್ಕರೆ ಮೊಸರು: ಮಕ್ಕಳಿಗೊಂದು ಗಾದೆಯಾಟ

ಹೋದ ವರ್ಷ ತಂಗಿಯ ಮನೆಗೆಂದು ನ್ಯೂಜೆರ್ಸಿಗೆ ಹೋಗಿ ಮೂರು ತಿಂಗಳು ಇದ್ದು ಬಂದೆ. ತಂಗಿಯ ಮಗನಿಗೆ ಒಂಬತ್ತು ವರ್ಷ, ಮಗಳಿಗೆ ಆರು. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಎಲ್ಲಾ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭಾನುವಾರ ತುಮಕೂರಿನಿಂದ ನಮ್ಮ ಅಮ್ಮ ಫೋನ್ ಮಾಡಿದರೆ ಹುಡುಗ “ಹಾಯ್ ಅಜ್ಜಿ” ಅಂದು ಓಡಿಬಿಡುತ್ತಿದ್ದ. “ನನ್ನ ಹತ್ರ ಮಾತಾಡೋಕೆ ಆ ಮಗೂಗೆ ಏನೂ ಇಲ್ಲವೇನೇ?” ಎಂದು ಅಮ್ಮ ಕೇಳಿದಾಗ ತಂಗಿ ಮುಖ ತಿರುಗಿಸಿಕೊಂಡಳು.

ನಾವು ಚಿಕ್ಕವರಿದ್ದಾಗ ಮಳೆಗಾಲದಲ್ಲಿ ಆಡುತ್ತಿದ್ದ ಗಾದೆಯಾಟ ನೆನಪಾಯಿತು. ಶನಿವಾರ ಸಂಜೆ ಅಕ್ಕಪಕ್ಕದ ಇನ್ನೆರಡು ಕನ್ನಡದ ಮನೆಯವರನ್ನು ಕರೆದೆವು. ಒಟ್ಟು ಏಳು ಮಕ್ಕಳು. ಹಳೆಯ ಲಗ್ನಪತ್ರಿಕೆಗಳ ಹಿಂದೆ ಒಂದೊಂದು ಗಾದೆ ಬರೆದು ಡಬ್ಬಿಗೆ ಹಾಕಿದೆ. ಒಬ್ಬರು ಚೀಟಿ ಎತ್ತಿ ಬಾಯಿ ಬಿಡದೆ ಅಭಿನಯಿಸಬೇಕು, ಉಳಿದವರು ಎರಡು ನಿಮಿಷದೊಳಗೆ ಹೇಳಬೇಕು.

ಮೊದಲ ದಿನ ನಾನೇ ತಪ್ಪು ಮಾಡಿದೆ. ಇಂಗ್ಲಿಷ್ ಮಾತು ಬಂದರೆ ಒಂದು ಅಂಕ ಕಳೆಯುತ್ತೇನೆ ಎಂದುಬಿಟ್ಟೆ. ಹತ್ತು ನಿಮಿಷದಲ್ಲಿ ಮಕ್ಕಳು ಬಾಯಿಗೆ ಬೀಗ ಹಾಕಿಕೊಂಡವು. ಮುಂದಿನ ವಾರದಿಂದ ಆ ನಿಯಮ ಬಿಟ್ಟೆ. ಇಂಗ್ಲಿಷಿನಲ್ಲಿ ಹೇಳಿದರೆ ಪಕ್ಕದಲ್ಲಿ ಕೂತ ದೊಡ್ಡವರು ಕನ್ನಡದ ಮಾತು ಕೊಡುವುದು, ಮಗು ಅದನ್ನು ಕೂಗಿ ಹೇಳುವುದು. ಅಂಕ ಮಗುವಿಗೇ! ಆಮೇಲೆ ನೋಡಿ, ಗದ್ದಲವೋ ಗದ್ದಲ.

‘ಕೈ ಕೆಸರಾದರೆ ಬಾಯಿ ಮೊಸರು’ ತಂಗಿಯ ಮಗನ ಪಾಲಿಗೆ ಬಂತು. ಕೈ ತೋರಿಸಿದ, ಎಲ್ಲರೂ “ಕೈ!” ಎಂದರು. ಹೂಕುಂಡದ ಮಣ್ಣನ್ನು ನೀರಲ್ಲಿ ಕಲಸಿ ಬೆರಳಿಗೆ ಬಳಿದುಕೊಂಡ. “ಮಣ್ಣು”, “ಕೊಳೆ” ಎಂದರೇ ಹೊರತು ಕೆಸರು ಯಾರಿಗೂ ಹೊಳೆಯಲಿಲ್ಲ. ಆ ಪದವನ್ನು ಅವರು ಕೇಳಿಯೇ ಇರಲಿಲ್ಲ. ಆಮೇಲೆ ಬಾಯಿ ತೋರಿಸಿ ಬಟ್ಟಲ ಮೊಸರು ಚಪ್ಪರಿಸಿದ. “ಮೊಸರು!” ಎಂದು ಆರರ ಹುಡುಗಿ ಕುಣಿದಳು. ಆಗ ನಾನು ಕಿವಿ ಮುಟ್ಟಿಕೊಂಡೆ. ಹಾಗೆಂದರೆ ‘ಇದರಂತೆಯೇ ಕೇಳಿಸುವ ಪದ ಹುಡುಕಿ’ ಎಂದು. “ಹೆಸರು... ಬಸರು...” ಎನ್ನುತ್ತಾ ಒಬ್ಬಳು “ಕೆಸರು!” ಎಂದಳು. ನಮ್ಮ ಗಾದೆಗಳಲ್ಲಿ ಅನೇಕವು ಹೀಗೆ ಎರಡು ತುಂಡು, ತುಂಡಿಗೊಂದು ಪ್ರಾಸ. ಒಂದು ಸಿಕ್ಕರೆ ಇನ್ನೊಂದು ತಾನಾಗೇ ಬರುತ್ತೆ. ಅದಕ್ಕೇ ಮೊದಲು ಪ್ರಾಸವಿರುವ ಗಾದೆಗಳನ್ನೇ ಆರಿಸಿಕೊಳ್ಳಿ.

ಆದರೆ ಮಕ್ಕಳು ಹೇಳಿದ್ದು “ಕೈ ಕೆಸರು ಬಾಯಿ ಮೊಸರು” ಎಂದು. ‘ಆದರೆ’ ಎಂಬುದನ್ನು ಅಭಿನಯಿಸುವುದು ಹೇಗೆ? ಭಾಷೆ ಜಾರುವುದೇ ಇಂಥ ಕಡೆ. ಅಲ್ಲಿ ಒಂದು ಚಪ್ಪಾಳೆ ತಟ್ಟುವುದೆಂದು ಗೊತ್ತು ಮಾಡಿದೆವು. ಚಪ್ಪಾಳೆ ಕೇಳಿದರೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯಬೇಕು. ಆಮೇಲೆ ಪ್ರತಿಯೊಬ್ಬರೂ ಅದೇ ಅಚ್ಚಿನಲ್ಲಿ ಒಂದು ಸ್ವಂತ ಮಾತು ಹೇಳಬೇಕು. “ಮಳೆ ಬಂದರೆ ಆಟ ಇಲ್ಲ”, “ಅಪ್ಪ ಬೈದರೆ ಅಮ್ಮ ಐಸ್‌ಕ್ರೀಂ” ಎಂದೆಲ್ಲಾ ಬಂತು!

ಗಾದೆ ಬಾಯಿಗೆ ಬಂತು, ತಲೆಗೆ ಹೋಯಿತೇ? ಅರ್ಥ ಕೇಳಿದರೆ ಒಬ್ಬ, “ಕೈ ಕೊಳೆ ಇದ್ರೆ ಮೊಸರನ್ನ ತಿನ್ಬಾರ್ದು” ಎಂದ. ನಮಗೆಲ್ಲಾ ನಗು. ತಪ್ಪು ಅವನದಲ್ಲ, ಅಭಿನಯ ತೋರಿಸುವುದು ಪದವನ್ನು ಮಾತ್ರ. ಆದ್ದರಿಂದ ಎರಡನೇ ಸುತ್ತು ಬೇಕು. ಇಲ್ಲಿ ದೊಡ್ಡವರು ಒಂದು ಸಂದರ್ಭ ಹೇಳುತ್ತಾರೆ, ಮಕ್ಕಳು ಅದಕ್ಕೊಪ್ಪುವ ಗಾದೆ ಹೇಳಬೇಕು. “ಒಬ್ಬ ಹುಡುಗ ಟೆನಿಸ್ ಸೋತ, ಬ್ಯಾಟು ಸರಿಯಿಲ್ಲ ಅಂದ” ಎಂದೆ. ಆಟಗಾರನೊಬ್ಬನ ಮುಖ ನೋಡುತ್ತಾ ಎಲ್ಲರೂ “ಕುಣಿಯಲಾರದವಳು ನೆಲ ಡೊಂಕು ಎಂದಳು!” ಎಂದು ಕೂಗಿದರು. ಅರ್ಥವಾಗಿದೆಯೋ ಇಲ್ಲವೋ ತಿಳಿಯಲು ‘ಅರ್ಥವೇನು’ ಎಂದು ಕೇಳುವುದಕ್ಕಿಂತ ‘ಯಾವಾಗ ಹೇಳ್ತೀಯಾ’ ಎಂದು ಕೇಳುವುದೇ ಮೇಲು.

ವಾರಕ್ಕೆ ಮೂರು ಹೊಸ ಗಾದೆ ಸಾಕು. ಹಿಂದಿನ ವಾರದ ಮೂರನ್ನೂ ಡಬ್ಬಿಯಲ್ಲಿ ಬಿಟ್ಟಿರಿ, ಇಲ್ಲದಿದ್ದರೆ ಮರೆತುಹೋಗುತ್ತವೆ. ಮುಕ್ಕಾಲು ಗಂಟೆ ಮೀರಿದರೆ ಚಿಕ್ಕವು ಹಠ ಹಿಡಿಯುತ್ತವೆ. ಜಾತಿಯನ್ನೋ ಹೆಂಗಸರನ್ನೋ ಹೀಯಾಳಿಸುವ ಗಾದೆಗಳೂ ನಮ್ಮಲ್ಲಿವೆ, ಅವನ್ನು ಚೀಟಿಗೆ ಬರೆಯಬೇಡಿ. ಧಾರವಾಡದ ಕಡೆಯವರು ಗಾದೆಯನ್ನು ಬೇರೆ ಬಗೆಯಲ್ಲಿ ಹೇಳಿದರೆ ತಿದ್ದಬೇಡಿ, ಎರಡಕ್ಕೂ ಅಂಕ ಕೊಡಿ.

ನಾನು ಹೊರಡುವ ವಾರ ಅಮ್ಮನ ಫೋನು ಬಂತು. ಹಪ್ಪಳ ಒತ್ತಿ ಒತ್ತಿ ಕೈ ನೋವು ಎಂದರು. ಹುಡುಗ ಓಡಿಹೋಗಲಿಲ್ಲ. ಸ್ವಲ್ಪ ಯೋಚಿಸಿ, “ಅಜ್ಜಿ, ಕೈ ಕೆಸರಾದ್ರೆ ಬಾಯಿ... ಹಪ್ಪಳ!” ಎಂದ. ಅತ್ತ ಕಡೆ ಮಾತಿಲ್ಲ. ಆಮೇಲೆ ಅಮ್ಮ ಕೇಳಿದರು, “ಎಷ್ಟು ಕಳಿಸ್ಲೋ ಪುಟ್ಟಾ?” ಆ ದಿನ ಅಜ್ಜಿ ಮೊಮ್ಮಗನ ಮಾತು ಇಪ್ಪತ್ತು ನಿಮಿಷ ನಡೆಯಿತು. ನಡುನಡುವೆ ಇಂಗ್ಲಿಷ್ ಇತ್ತು. ಇರಲಿ ಬಿಡಿ, ನಾನೇನೂ ಅಂಕ ಕಳೆಯಲಿಲ್ಲ.