ಒಂದು ವರ್ಷ ಕಾಯುವುದರ ಬೆಲೆ

ಕೋಲಾರದ ಕಡೆ ಟೊಮೆಟೊ ತಿರುಳು ಮಾಡುವ ಘಟಕ ಹಾಕಲು 1 ಕೋಟಿ ಬೇಕು ಎಂದುಕೊಳ್ಳಿ. ದೊಡ್ಡ ಸಾಸ್ ಕಂಪನಿಯೊಂದು ಖರೀದಿಗೆ ಒಪ್ಪಿದರೆ ಮುಂದಿನ ವರ್ಷ ಘಟಕದ ಮೌಲ್ಯ 150 ಲಕ್ಷ, ಒಪ್ಪದಿದ್ದರೆ 80 ಲಕ್ಷ. ಎರಡಕ್ಕೂ ಸಮ ಸಾಧ್ಯತೆ. ಸರಾಸರಿ 115 ಲಕ್ಷ. ಶೇ. 10ರ ಬಡ್ಡಿ ಲೆಕ್ಕದಲ್ಲಿ ಇಂದಿಗೆ ಸುಮಾರು 104.5 ಲಕ್ಷ. ಅಂದರೆ 4.5 ಲಕ್ಷ ಲಾಭ. ಬ್ಯಾಂಕಿಗೆ ಕೊಡುವ ವರದಿ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ.

ಆದರೆ ಮಾಲೀಕರು ಒಂದು ವರ್ಷ ಕಾಯಬಹುದಲ್ಲ? ಕಂಪನಿ ಒಪ್ಪಿದರೆ ಮಾತ್ರ ಹಣ ಹಾಕುತ್ತಾರೆ, ಇಲ್ಲದಿದ್ದರೆ ಕೈಬಿಡುತ್ತಾರೆ. ಕಾದದ್ದಕ್ಕೆ ಮೊದಲ ವರ್ಷದ ಆದಾಯ 10 ಲಕ್ಷ ಹೋಯಿತೆನ್ನಿ. 150 ಲಕ್ಷ 140 ಆಗುತ್ತದೆ. ಆಗ ಲಾಭ 40 ಲಕ್ಷ. ಅದರ ಅರ್ಧ 20, ಇಂದಿನ ಲೆಕ್ಕದಲ್ಲಿ 18 ಲಕ್ಷ. ಕಾಯುವ ಹಕ್ಕಿಗೇ ಸುಮಾರು 13.5 ಲಕ್ಷದ ಬೆಲೆಯಿದೆ. ಜಾಗ ಕಾಯ್ದಿರಿಸಲು 3 ಲಕ್ಷ ಮುಂಗಡ ಕೇಳಿದರೆ ಅದು ಅಗ್ಗವೇ. ಬಡ್ಡಿದರದಲ್ಲಿ ಇಲ್ಲಿ ಒರಟು ಲೆಕ್ಕ ಹಿಡಿದಿದ್ದೇನೆ, ತರ್ಕ ಮಾತ್ರ ಇದೇ.

1977ರಲ್ಲಿ ಅರ್ಥಶಾಸ್ತ್ರಜ್ಞ ಸ್ಟೀವರ್ಟ್ ಮೈಯರ್ಸ್ ಇಂಥ ಹಕ್ಕುಗಳನ್ನು ‘ರಿಯಲ್ ಆಪ್ಷನ್ಸ್’ ಎಂದು ಕರೆದರು.

ಕಾಯದೆ ಇಂದೇ ಹಾಕಿ, ಒಪ್ಪಂದ ಸಿಗದಿದ್ದರೆ ಯಂತ್ರ, ಜಾಗ ಮಾರಿ 90 ಲಕ್ಷ ಪಡೆಯಬಹುದಾದರೆ? ಲಾಭ 4.5ರಿಂದ 9 ಲಕ್ಷಕ್ಕೆ ಏರುತ್ತದೆ. ಕೈಬಿಡುವ ಹಕ್ಕಿನ ಬೆಲೆ ಅದು. ಆದರೆ ಮಾರುವ ದಿನ ಬಂದಾಗ ‘ಇಷ್ಟು ಹಾಕಿದ್ದೇವಲ್ಲ’ ಎಂದು ಹಿಂಜರಿದರೆ ಆ ಬೆಲೆ ಕಾಗದದಲ್ಲೇ ಉಳಿಯುತ್ತದೆ. ಪಕ್ಕದವರು ಮೊದಲೇ ಘಟಕ ಹಾಕಿಬಿಟ್ಟರೆ ಕಾಯುವ ಹಕ್ಕೂ ಕರಗುತ್ತದೆ.