ರಾತ್ರಿ ಪಾಳಿಯ ಲೆಕ್ಕಕ್ಕೆ ಎಕ್ಸೆಲ್ ಯಾಕೆ ತಡವರಿಸುತ್ತದೆ?

ಪಂಚಾಂಗದ ಪ್ರಕಾರ ವಾರ ಬದಲಾಗುವುದು ಸೂರ್ಯೋದಯಕ್ಕೆ. ಸೋಮವಾರ ರಾತ್ರಿ ಹತ್ತಕ್ಕೆ ಕೆಲಸಕ್ಕೆ ಹೋದವನು ನಸುಕಿನ ಐದಕ್ಕೂ ಸೋಮವಾರದಲ್ಲೇ ಇರುತ್ತಾನೆ. ಗೋಡೆಯ ಕ್ಯಾಲೆಂಡರಿಗೆ ಆ ಸೌಜನ್ಯವಿಲ್ಲ. ನಡುರಾತ್ರಿ ಹನ್ನೆರಡಕ್ಕೆ ಅದು ಹಾಳೆ ಮಗುಚುತ್ತದೆ. ಎಕ್ಸೆಲ್ ಈ ಎರಡನೆಯ ಪಕ್ಷದ್ದು. ಸಣ್ಣ ಕಾರ್ಖಾನೆಯ ಟೈಮ್ ಆಫೀಸಿನಲ್ಲೋ, ಸೆಕ್ಯುರಿಟಿ ಏಜೆನ್ಸಿಯಲ್ಲೋ, ನರ್ಸಿಂಗ್ ಹೋಮಿನಲ್ಲೋ ಹಾಜರಿ ಬರೆಯುವವರಿಗೆ ತಿಂಗಳ ಕೊನೆಯಲ್ಲಿ ಎದುರಾಗುವ ಒಂದು ತೊಂದರೆಯ ಮೂಲ ಇಲ್ಲಿದೆ.

ಮೂರು ಪಾಳಿಯ ಕಾರ್ಖಾನೆಯೊಂದನ್ನು ತೆಗೆದುಕೊಳ್ಳೋಣ: ಬೆಳಗ್ಗೆ 6ರಿಂದ 2, ಮಧ್ಯಾಹ್ನ 2ರಿಂದ ರಾತ್ರಿ 10, ರಾತ್ರಿ 10ರಿಂದ ಬೆಳಗ್ಗೆ 6. ಎಕ್ಸೆಲ್ ಹಾಳೆಯ A ಕಾಲಂನಲ್ಲಿ ತಾರೀಕು, B ಕಾಲಂನಲ್ಲಿ ಬಂದ ಹೊತ್ತು, C ಕಾಲಂನಲ್ಲಿ ಹೋದ ಹೊತ್ತು. ಹೋದ ಹೊತ್ತಿನಿಂದ ಬಂದ ಹೊತ್ತನ್ನು ಕಳೆದರೆ ಕೆಲಸದ ಅವಧಿ ಸಿಗಬೇಕಲ್ಲ:

```
=C2-B2
```

ಮೊದಲೆರಡು ಪಾಳಿಗೆ 8:00 ಎಂದು ಸರಿಯಾಗಿ ಬರುತ್ತದೆ. ಮೂರನೆಯದರಲ್ಲಿ ಉತ್ತರದ ಜಾಗದ ತುಂಬ ###### ಸಾಲು ನಿಲ್ಲುತ್ತದೆ. ಕಾಲಂ ಕಿರಿದಾಗಿದೆ ಎಂದುಕೊಂಡು ಎಲ್ಲರೂ ಮೊದಲು ಮಾಡುವುದು ಅದನ್ನು ಎಳೆದು ಅಗಲ ಮಾಡುವ ಕೆಲಸ. ಆಗ # ಚಿಹ್ನೆಗಳೂ ಜೊತೆಗೇ ಅಗಲವಾಗುತ್ತವೆ. ಮೌಸನ್ನು ಆ ಸೆಲ್ ಮೇಲೆ ಒಯ್ದರೆ, ಋಣಾತ್ಮಕವಾದ ಅಥವಾ ತೀರಾ ದೊಡ್ಡದಾದ ಸಮಯ ಹೀಗೆ ಕಾಣಿಸುತ್ತದೆ ಎಂಬ ಅರ್ಥದ ಸೂಚನೆ ತೇಲುತ್ತದೆ.

ಎಕ್ಸೆಲ್ ಒಳಗೆ ಗಂಟೆ, ನಿಮಿಷ ಎಂಬುದೇ ಇಲ್ಲ. ಒಂದು ಇಡೀ ದಿನ ಅಂದರೆ 1. ಮಧ್ಯಾಹ್ನ ಹನ್ನೆರಡು ಅಂದರೆ 0.5. ಬೆಳಗ್ಗೆ ಆರು 0.25, ರಾತ್ರಿ ಹತ್ತು 0.9167. ತಾರೀಕುಗಳೂ ಹೀಗೆಯೇ, 1900ರ ಜನವರಿ 1ರಿಂದ ಎಣಿಸಿಕೊಂಡು ಬಂದ ಪೂರ್ಣ ಸಂಖ್ಯೆಗಳು. ನಮಗೆ ಕಾಣುವ 22:00 ಎಂಬುದು ಆ ಭಿನ್ನರಾಶಿಗೆ ತೊಡಿಸಿದ ವೇಷ ಮಾತ್ರ. ಈಗ 0.25ರಿಂದ 0.9167 ಕಳೆಯಿರಿ, -0.6667 ಉಳಿಯುತ್ತದೆ. ಸೊನ್ನೆಗಿಂತ ಹಿಂದಿನ ಸಂಖ್ಯೆಗೆ ತೊಡಿಸಲು ಎಕ್ಸೆಲ್ ಬಳಿ ತಾರೀಕೂ ಇಲ್ಲ, ಹೊತ್ತೂ ಇಲ್ಲ. ಕೆಲಸಗಾರ ಹೋದದ್ದು ಮರುದಿನದ ಬೆಳಗ್ಗೆ ಆರಕ್ಕೆ ಎಂದು ನಾವು ಹೇಳಿಲ್ಲ, ಅದಾಗಿ ಊಹಿಸುವುದೂ ಇಲ್ಲ. ಒಂದೇ ದಿನದ ಬೆಳಗ್ಗೆ ಆರಕ್ಕೂ ರಾತ್ರಿ ಹತ್ತಕ್ಕೂ ನಡುವಿನ ಹದಿನಾರು ಗಂಟೆಯನ್ನು ತಲೆಕೆಳಗಾಗಿ ಎಣಿಸಿ ಅದು ಸುಮ್ಮನಾಗುತ್ತದೆ.

ಇಲ್ಲಿ ಎರಡು ಅಡ್ಡದಾರಿಗಳು ಕೈಬೀಸಿ ಕರೆಯುತ್ತವೆ. ಋಣ ಚಿಹ್ನೆ ತೆಗೆದರೆ ಆಯಿತೆಂದು ಕೆಲವರು ABS ಹಾಕುತ್ತಾರೆ. ಆಗ 16:00 ಎಂದು ಬರುತ್ತದೆ, ಎಂಟು ಗಂಟೆ ದುಡಿದವನ ಹೆಸರಿಗೆ ಹದಿನಾರು ಗಂಟೆ ಬೀಳುತ್ತದೆ. ಇನ್ನು ಕೆಲವರು ಎಕ್ಸೆಲ್‌ನ ಸೆಟ್ಟಿಂಗ್ಸಿಗೆ ಹೋಗಿ 1904 date system ಎಂಬುದನ್ನು ಆನ್ ಮಾಡುತ್ತಾರೆ. ಹಳೆಯ ಮ್ಯಾಕ್ ಕಂಪ್ಯೂಟರುಗಳ ಕಾಲದಿಂದ ಉಳಿದುಬಂದ ಎಣಿಕೆ ಅದು. ಅದರಲ್ಲಿ -16:00 ಎಂದು ಕಾಣಿಸುವುದೇನೋ ನಿಜ, ಆದರೆ ಅದೂ ನಮಗೆ ಬೇಕಾದ ಉತ್ತರವಲ್ಲ. ಜೊತೆಗೆ ಆ ಫೈಲಿನಲ್ಲಿ ಮೊದಲೇ ಬರೆದಿಟ್ಟ ತಾರೀಕುಗಳೆಲ್ಲ 1462 ದಿನ, ಅಂದರೆ ನಾಲ್ಕು ವರ್ಷಕ್ಕೂ ಒಂದು ದಿನ ಹೆಚ್ಚು, ಮುಂದಕ್ಕೆ ಜಿಗಿಯುತ್ತವೆ. ಅದರ ತಂಟೆಗೆ ಹೋಗಬೇಡಿ.

ನಿಜವಾದ ಪರಿಹಾರ ಇಷ್ಟೇ: ಉತ್ತರ ಸೊನ್ನೆಗಿಂತ ಕೆಳಗೆ ಹೋದಾಗ ಒಂದು ದಿನವನ್ನು, ಅಂದರೆ 1ನ್ನು, ಕೂಡಿಸಬೇಕು. -0.6667ಕ್ಕೆ 1 ಕೂಡಿದರೆ 0.3333, ದಿನದ ಮೂರನೇ ಒಂದು ಭಾಗ, ಎಂಟು ಗಂಟೆ. ಇದನ್ನು ತಾನಾಗಿಯೇ ಮಾಡುವ ಸೂತ್ರ:

```
=MOD(C2-B2,1)
```

MOD ಎಂದರೆ ಭಾಗಾಕಾರದಲ್ಲಿ ಉಳಿಯುವ ಶೇಷ. 1ರಿಂದ ಭಾಗಿಸಿದಾಗ ಉಳಿಯುವ ಶೇಷ ಎಂದೂ ಸೊನ್ನೆಗೂ ಒಂದಕ್ಕೂ ನಡುವೆಯೇ ಇರುತ್ತದೆ. ಎಕ್ಸೆಲ್‌ನಲ್ಲಿ ಶೇಷದ ಚಿಹ್ನೆ ಭಾಜಕದ ಚಿಹ್ನೆಯನ್ನೇ ಅನುಸರಿಸುವುದರಿಂದ ಅದು ಋಣವಾಗುವುದಿಲ್ಲ. ಹಗಲಿನ ಪಾಳಿಗೆ ಈ ಸೂತ್ರ ಏನನ್ನೂ ಬದಲಿಸುವುದಿಲ್ಲ, ರಾತ್ರಿಯದಕ್ಕೆ ಮಾತ್ರ ಒಂದು ದಿನ ಸೇರಿಸುತ್ತದೆ. ಆದ್ದರಿಂದ ಇಡೀ ಕಾಲಂಗೆ ಒಂದೇ ಸೂತ್ರವನ್ನು ಎಳೆದುಬಿಡಬಹುದು. ಸೆಕೆಂಡ್ ಶಿಫ್ಟಿನವನು ಸರಿಯಾಗಿ ನಡುರಾತ್ರಿಗೆ ಹೊರಟರೆ ಅದನ್ನು 0:00 ಎಂದು ಬರೆದರೂ ಸರಿ, 24:00 ಎಂದು ಬರೆದರೂ ಸರಿ.

ಈಗ ಒಬ್ಬ ಕೆಲಸಗಾರನ ಒಂದು ವಾರ ನೋಡೋಣ. ಸೋಮವಾರ ರಾತ್ರಿ 22:00ಕ್ಕೆ ಬಂದು 6:00ಕ್ಕೆ ಹೋದ, 8:00. ಮಂಗಳವಾರ 21:55ರಿಂದ 6:10, ಅಂದರೆ 8:15. ಬುಧವಾರ 22:05ರಿಂದ 6:20, ಮತ್ತೆ 8:15. ಗುರುವಾರ ಮೈಸರಿಯಿಲ್ಲದೆ 2:30ಕ್ಕೇ ಹೊರಟ, 4:30. ಶುಕ್ರವಾರ ಬೇರೊಬ್ಬ ಬಾರದ್ದರಿಂದ ಸಂಜೆ 18:00ಕ್ಕೇ ಬಂದ, 12:00. ಶನಿವಾರ ಎಂದಿನ 8:00. ಕೈಲೆಕ್ಕದಲ್ಲಿ 49 ಗಂಟೆ. ಆದರೆ ಕೆಳಗೆ SUM ಹಾಕಿದಾಗ ಕಾಣುವುದು 1:00!

ಕೂಡಿಕೆ ತಪ್ಪಾಗಿಲ್ಲ, ತೋರಿಸುವ ವೇಷ ತಪ್ಪಾಗಿದೆ. h:mm ಎಂಬ ಫಾರ್ಮ್ಯಾಟ್ ಗಡಿಯಾರದ ಹಾಗೆ ಇಪ್ಪತ್ತನಾಲ್ಕು ಮುಟ್ಟಿದೊಡನೆ ಸೊನ್ನೆಗೆ ಮರಳುತ್ತದೆ. 49ರಲ್ಲಿ ಎರಡು ಇಡೀ ದಿನ ಕಳೆದು ಉಳಿದ ಒಂದನ್ನಷ್ಟೇ ತೋರಿಸುತ್ತದೆ. ಆ ಸೆಲ್ ಆರಿಸಿ, Format Cells ತೆರೆದು, Custom ಎಂಬಲ್ಲಿ ಹೀಗೆ ಬರೆಯಬೇಕು:

```
[h]:mm
```

ಚೌಕ ಕಂಸ ಬಿದ್ದರೆ 49:00 ಎಂದು ಬರುತ್ತದೆ. ಕೂಲಿಯ ಲೆಕ್ಕದಲ್ಲಿ ಇನ್ನೊಂದು ಮೆಟ್ಟಿಲಿದೆ. ಗಂಟೆಗೆ 100 ರೂಪಾಯಿ ಎಂದು 49:00ನ್ನು 100ರಿಂದ ಗುಣಿಸಿದರೆ ಸಿಗುವುದು 204 ರೂಪಾಯಿ 17 ಪೈಸೆ, ಯಾಕೆಂದರೆ ಎಕ್ಸೆಲ್ ಗುಣಿಸಿದ್ದು 2.0417 ದಿನಗಳನ್ನು. ಮೊದಲು 24ರಿಂದ ಗುಣಿಸಿ ದಿನವನ್ನು ಗಂಟೆ ಮಾಡಿಕೊಂಡು, ಆಮೇಲೆ ದರದಿಂದ ಗುಣಿಸಿ, ಸೆಲ್ ಫಾರ್ಮ್ಯಾಟನ್ನು Number ಮಾಡಿದರೆ 4900 ಬರುತ್ತದೆ. ಉತ್ತರ ಇಷ್ಟು ಚಿಕ್ಕದಾಗಿ ಬಂದಾಗ ತಪ್ಪು ಕಣ್ಣಿಗೆ ಹೊಡೆಯುತ್ತದೆ, ಹಾಗಾಗಿ ಅದರ ಬಗ್ಗೆ ನನಗೆ ಅಷ್ಟು ಭಯವಿಲ್ಲ.

ಭಯವಿರುವುದು MOD ಬಗ್ಗೆಯೇ. ಅದು ಎಲ್ಲವನ್ನೂ ನಂಬುತ್ತದೆ. ###### ಅಸಹ್ಯವಾಗಿ ಕಂಡರೂ ಏನೋ ಸರಿಯಿಲ್ಲ ಎಂದು ಕೂಗುತ್ತಿತ್ತು. MOD ಬಂದ ಮೇಲೆ ಕೂಗುವವರೇ ಇಲ್ಲ. ರಾತ್ರಿ ಹತ್ತಕ್ಕೆ ಬಂದವನ ಹೋದ ಹೊತ್ತನ್ನು ಬರೆಯಲು ಮರೆತಿರಿ ಎನ್ನಿ. ಖಾಲಿ ಸೆಲ್ಲನ್ನು ಎಕ್ಸೆಲ್ ಸೊನ್ನೆ ಎಂದು, ಅಂದರೆ ನಡುರಾತ್ರಿ ಎಂದು ಓದುತ್ತದೆ. ಉತ್ತರ 2:00. ಮಧ್ಯಾಹ್ನ ಎರಡಕ್ಕೆ ಬಂದವನ ಸಾಲು ಖಾಲಿ ಬಿಟ್ಟರೆ 10:00. ಎರಡೂ ನಂಬುವಂಥ ಅಂಕಿಗಳೇ. ಎರಡು ಹೊತ್ತೂ ತುಂಬುವ ತನಕ ಉತ್ತರ ಕೊಡದಂತೆ ಹೀಗೆ ಬರೆಯುವುದು ಮೇಲು:

```
=IF(COUNT(B2:C2)<2,"",MOD(C2-B2,1))
```

ಇನ್ನೊಂದು ತಪ್ಪು ನಮ್ಮ ಬರೆಯುವ ಅಭ್ಯಾಸದಿಂದಲೇ ಬರುವಂಥದು. ಹತ್ತೂವರೆಯನ್ನು ನಾವು 10.30 ಎಂದು ಚುಕ್ಕಿ ಇಟ್ಟೇ ಬರೆಯುತ್ತೇವೆ. ಲಗ್ನಪತ್ರಿಕೆಯ ಮುಹೂರ್ತದಿಂದ ಬಸ್ ನಿಲ್ದಾಣದ ವೇಳಾಪಟ್ಟಿಯವರೆಗೆ ಇದೇ ರೂಢಿ. ಎಕ್ಸೆಲ್‌ಗೆ 22.30 ಎಂದರೆ ಇಪ್ಪತ್ತೆರಡು ದಿನ ಮತ್ತು ದಿನದ ಹತ್ತರಲ್ಲಿ ಮೂರು ಭಾಗ. 22.30ಕ್ಕೆ ಬಂದು 6.30ಕ್ಕೆ ಹೋದ ಎಂದು ಚುಕ್ಕಿಯಿಟ್ಟು ಬರೆದರೆ ವ್ಯತ್ಯಾಸ -16, ಶೇಷ ಸೊನ್ನೆ, ಇಡೀ ರಾತ್ರಿ ಮಾಯ. 21.45 ಮತ್ತು 6.15 ಎಂದು ಬರೆದರೆ 16:48 ಬರುತ್ತದೆ, ನಿಜವಾದ ಅವಧಿ 8:30 ಆಗಿರುವಾಗ. ಸಮಯದ ಫಾರ್ಮ್ಯಾಟ್ ಇರುವ ಸೆಲ್‌ನಲ್ಲಿ 22.30 ಎಂದು ಒತ್ತಿದೊಡನೆ 7:12 ಎಂದು ಕಂಡರೆ ಕಾರಣ ಇದೇ ಎಂದು ತಿಳಿಯಿರಿ. Data Validation ಒಳಗೆ Time ಆರಿಸಿ, 0:00ರಿಂದ 23:59ರ ತನಕ ಮಾತ್ರ ಎಂದು ಕಟ್ಟುಪಾಡು ಹಾಕಿದರೆ ಈ ಚುಕ್ಕಿಗಳಲ್ಲಿ ಬಹುಪಾಲು ಬಾಗಿಲಲ್ಲೇ ನಿಲ್ಲುತ್ತವೆ. 0.30 ಎಂದು ಬರೆದದ್ದು ಮಾತ್ರ ಒಂದಕ್ಕಿಂತ ಚಿಕ್ಕದಾದ್ದರಿಂದ ನುಸುಳಿಬಿಡುತ್ತದೆ. 24:00 ಎಂಬುದನ್ನು ಆಮೇಲೆ ಅದು ಒಪ್ಪುವುದಿಲ್ಲ, 0:00 ಎಂದೇ ಬರೆಯಬೇಕು.

ನಡುರಾತ್ರಿಯನ್ನು 12:00 ಎಂದು ಬರೆದರೆ ಅದು ಮಧ್ಯಾಹ್ನವಾಗುತ್ತದೆ. ಎರಡಕ್ಕೆ ಬಂದವನ ಲೆಕ್ಕ 22 ಗಂಟೆಯಾಗುತ್ತದೆ. ಇಂಥವನ್ನು ಹಿಡಿಯಲು ಹದಿನಾಲ್ಕು ಗಂಟೆ ಮೀರಿದ ಸಾಲು ಕೆಂಪಾಗುವಂತೆ Conditional Formatting ಹಾಕಿಡಬಹುದು. ಆದರೂ ಒಂದು ಮಿತಿ ಉಳಿಯುತ್ತದೆ. ಬದಲಿ ಸಿಗದೆ ಬೆಳಗ್ಗೆ ಎಂಟರಿಂದ ಮರುದಿನ ಬೆಳಗ್ಗೆ ಎಂಟರ ತನಕ ಗೇಟಿನಲ್ಲೇ ಇದ್ದ ಕಾವಲುಗಾರನಿಗೆ MOD ಕೊಡುವುದು ಸೊನ್ನೆ. ಬರಿಯ ಹೊತ್ತನ್ನಷ್ಟೇ ನೋಡುವ ಯಾವ ಸೂತ್ರಕ್ಕೂ ಇಪ್ಪತ್ತನಾಲ್ಕು ಗಂಟೆಗೂ ಸೊನ್ನೆಗೂ ಭೇದ ತಿಳಿಯದು.

ಹೀಗಾಗಿ, ಹಾಳೆಯನ್ನು ಹೊಸದಾಗಿ ಮಾಡುವವರಿಗೆ ನನ್ನ ಒಲವು ಬೇರೆ ಕಡೆಗೆ. ಬಂದದ್ದನ್ನೂ ಹೋದದ್ದನ್ನೂ ತಾರೀಕಿನ ಸಮೇತ ಒಂದೇ ಸೆಲ್‌ನಲ್ಲಿ ಬರೆದರೆ ಮೊದಲಿನ ಸರಳ ವ್ಯವಕಲನವೇ ಸಾಕು, 24 ಗಂಟೆ ದಾಟಿದರೂ ತಪ್ಪುವುದಿಲ್ಲ. ತಪ್ಪು ಬರೆದರೆ ###### ಮತ್ತೆ ಕೂಗುತ್ತದೆ. ಇವತ್ತಿನ ತಾರೀಕಿಗೆ Ctrl+; ಒತ್ತಿ, ಒಂದು ಸ್ಪೇಸ್ ಬಿಟ್ಟು, ಈಗಿನ ಹೊತ್ತಿಗೆ Ctrl+Shift+; ಒತ್ತಿದರೆ ಟೈಪ್ ಮಾಡುವ ಶ್ರಮವೂ ಇಲ್ಲ.

ತಾರೀಕು ಬರೆಯುವಾಗ ಮತ್ತೊಂದು ಪ್ರಶ್ನೆ ಬರುತ್ತದೆ: ಏಪ್ರಿಲ್ 30ರ ರಾತ್ರಿ ಬಂದು ಮೇ 1ರ ಬೆಳಗ್ಗೆ ಹೋದವನ ಗಂಟೆಗಳು ಯಾವ ದಿನಕ್ಕೆ, ಯಾವ ತಿಂಗಳಿಗೆ? 1948ರ ಕಾರ್ಖಾನೆ ಕಾಯ್ದೆ ತನ್ನ 57ನೇ ಸೆಕ್ಷನ್ನಿನಲ್ಲಿ ಇದನ್ನು ಯೋಚಿಸಿತ್ತು. ಪಾಳಿ ನಡುರಾತ್ರಿ ದಾಟಿದರೆ, ಆಮೇಲಿನ ಗಂಟೆಗಳನ್ನು ಹಿಂದಿನ ದಿನಕ್ಕೇ ಎಣಿಸಬೇಕು, ಅವನ ಮರುದಿನ ಶುರುವಾಗುವುದು ಪಾಳಿ ಮುಗಿದ ಮೇಲೆ ಎಂದು ಅದು ಹೇಳಿತು. ಇದೇ ಕ್ರಮ ಹಿಡಿದರೆ A ಕಾಲಂನಲ್ಲಿ ಪಾಳಿ ಶುರುವಾದ ತಾರೀಕಿರಬೇಕು, ಮತ್ತು ತಿಂಗಳ ಮೊತ್ತವನ್ನು ಆ ಕಾಲಂ ನೋಡಿ ಹಾಕಬೇಕು. ಹಳೆಯ ಹಾಳೆಯಿಂದ ಹೋದ ದಿನಾಂಕವನ್ನು ಕಟ್ಟಬೇಕಾದರೆ:

```
=A2+C2+(C2<B2)
```

ಹೋದ ಹೊತ್ತು ಬಂದ ಹೊತ್ತಿಗಿಂತ ಚಿಕ್ಕದಿದ್ದರೆ ಆ ಕಂಸದ ಬೆಲೆ 1, ಅಂದರೆ ಒಂದು ದಿನ, ಇಲ್ಲದಿದ್ದರೆ ಸೊನ್ನೆ.

ಇಂಡಿಯಾದಲ್ಲಿ ಗಡಿಯಾರ ವರ್ಷವಿಡೀ ಒಂದೇ ಓಟದಲ್ಲಿರುವುದರಿಂದ ಕೆಲಸ ಇಲ್ಲಿಗೆ ಮುಗಿಯುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡುವ ನಮ್ಮವರಿಗೆ ವರ್ಷಕ್ಕೆ ಎರಡು ರಾತ್ರಿ ಈ ಸೂತ್ರ ಒಂದು ಗಂಟೆ ತಪ್ಪುತ್ತದೆ. ಅಕ್ಟೋಬರದ ಕೊನೆಯ ಭಾನುವಾರ ನಸುಕಿನಲ್ಲಿ ಅಲ್ಲಿನ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ. ಹತ್ತರಿಂದ ಆರರ ತನಕ ಅವರು ದುಡಿದದ್ದು ಒಂಬತ್ತು ಗಂಟೆ, ಎಕ್ಸೆಲ್ ಹೇಳುವುದು ಎಂಟು. ಮಾರ್ಚಿನ ಕೊನೆಯ ಭಾನುವಾರ ಇದು ತಿರುಗುಮುರುಗಾಗಿ, ಏಳು ಗಂಟೆಯ ದುಡಿಮೆ ಎಂಟಾಗಿ ಕಾಣುತ್ತದೆ. ಆ ಎರಡು ಸಾಲುಗಳನ್ನು ಕೈಯಲ್ಲೇ ತಿದ್ದಬೇಕು.